ಡ್ರ್ಯಾಗ್, ಟ್ಯಾಗ್, ರೋಫರ್: ಕಂಪನಿ ಮಾರಿದ ದಿನ ಯಾರ ಕೈಗೆ ಎಷ್ಟು?

ಪ್ರಶ್ನೆ: ದಾವಣಗೆರೆಯಲ್ಲಿ ನಾವು ಮೂವರು ಸೇರಿ ಪ್ಯಾಕೆಟ್ ಮಂಡಕ್ಕಿ, ಖಾರಾ ಮಂಡಕ್ಕಿ ಮಾಡುವ ಪ್ರೈವೇಟ್ ಲಿಮಿಟೆಡ್ ಕಂಪನಿ ನಡೆಸುತ್ತಿದ್ದೇವೆ. ಬೆಂಗಳೂರಿನ ಒಂದು ಫಂಡ್ 5 ಕೋಟಿ ಹಾಕಿ 25% ತಗೊಳ್ಳುತ್ತಿದೆ. ಆಮೇಲೆ ನನ್ನದು 35%, ಗೆಳೆಯನದು 25%, ಗೆಳತಿಯದು 10%, ಶುರುವಿನಲ್ಲಿ ದುಡ್ಡು ಕೊಟ್ಟ ನನ್ನ ಸೋದರಮಾವನದು 5% ಉಳಿಯುತ್ತೆ. ಅವರು ಕಳಿಸಿದ ಕರಡಿನಲ್ಲಿ ರೈಟ್ ಆಫ್ ಫಸ್ಟ್ ರಿಫ್ಯೂಸಲ್, ಟ್ಯಾಗ್ ಅಲಾಂಗ್, ಡ್ರ್ಯಾಗ್ ಅಲಾಂಗ್ ಅಂತ ಮೂರು ಷರತ್ತು ಇವೆ, ಒಂದು ಪಟ್ಟು ಲಿಕ್ವಿಡೇಶನ್ ಪ್ರಿಫರೆನ್ಸ್ ಅಂತಲೂ ಇದೆ. ಕೇಳಿದರೆ "ಇದೆಲ್ಲ ಸ್ಟ್ಯಾಂಡರ್ಡ್, ಎಲ್ಲರೂ ಹಾಕ್ತಾರೆ" ಅಂತಾರೆ. ಸಹಿ ಹಾಕಬಹುದಾ?

ಉತ್ತರ: ಈಗಿರುವ ರೂಪದಲ್ಲಿ ಬೇಡ. ಮೂರೂ ಷರತ್ತು ಎಲ್ಲರ ಒಪ್ಪಂದದಲ್ಲೂ ಇರುತ್ತವೆ ಅನ್ನುವುದು ನಿಜವೇ. ಆದರೆ ಎಲ್ಲ ಕಡೆ ಒಂದೇ ಆಗಿರುವುದು ಅವುಗಳ ಹೆಸರು ಮಾತ್ರ. ಹಕ್ಕು ಯಾರಿಗೆ, ಎಷ್ಟು ದಿನಕ್ಕೆ, ಯಾವ ಬೆಲೆಗೆ ಎಂಬುದು ಕರಡಿನಿಂದ ಕರಡಿಗೆ ಬದಲಾಗುತ್ತದೆ. ಕೊನೆಗೆ ನಿಮ್ಮ ಕೈಗೆ ಬರುವ ದುಡ್ಡನ್ನು ತೀರ್ಮಾನಿಸುವುದು ಅದೇ.

ವಕೀಲರ ಹತ್ತಿರ ಹೋಗುವ ಮೊದಲು ಒಂದು ಹಾಳೆಯಲ್ಲಿ ನಿಮ್ಮ ಲೆಕ್ಕ ಬರೆದುಕೊಳ್ಳಿ. ಒಟ್ಟು 10 ಲಕ್ಷ ಷೇರು ಅಂದುಕೊಳ್ಳೋಣ. ಫಂಡ್ 5 ಕೋಟಿಗೆ 2.5 ಲಕ್ಷ ಷೇರು ತೆಗೆದುಕೊಂಡರೆ ಷೇರಿಗೆ 200 ರೂಪಾಯಿ ಆಯಿತು, ಇಡೀ ಕಂಪನಿಗೆ 20 ಕೋಟಿ. ನಿಮ್ಮ ಹತ್ತಿರ 3.5 ಲಕ್ಷ, ಗೆಳೆಯನ ಹತ್ತಿರ 2.5 ಲಕ್ಷ, ಗೆಳತಿಯ ಹತ್ತಿರ 1 ಲಕ್ಷ, ಮಾವನ ಹತ್ತಿರ 50 ಸಾವಿರ. ಮುಂದಿನ ಮಾತೆಲ್ಲ ಈ ಸಂಖ್ಯೆಗಳ ಮೇಲೆಯೇ.

ರೈಟ್ ಆಫ್ ಫಸ್ಟ್ ರಿಫ್ಯೂಸಲ್ ಅನ್ನು ಈ ವ್ಯವಹಾರದವರು 'ರೋಫರ್' ಅನ್ನುತ್ತಾರೆ. ನಮ್ಮ ಕಡೆಯವರಿಗೆ ಇದು ಹೊಸ ವಿಷಯವೇನಲ್ಲ. ಹೊಲ ಮಾರುವಾಗ ಬದುವಿನ ಪಕ್ಕದವನನ್ನು ಮೊದಲು ಕೇಳುವ ರೂಢಿ ಹಳ್ಳಿಗಳಲ್ಲಿ ಇಂದಿಗೂ ಇದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 22ನೇ ಸೆಕ್ಷನ್ ಕೂಡ ಇದೇ ಜಾತಿಯದು. ವಾರಸುದಾರರಲ್ಲಿ ಒಬ್ಬ ತನ್ನ ಪಾಲು ಮಾರಲು ಹೊರಟರೆ, ಕೊಳ್ಳುವ ಮೊದಲ ಹಕ್ಕು ಉಳಿದ ವಾರಸುದಾರರಿಗೆ. ಷೇರಿನಲ್ಲಿ ಅದು ಹೀಗೆ ನಡೆಯುತ್ತದೆ: ಹೊರಗಿನವನೊಬ್ಬ ಬೆಲೆ ಹೇಳಿದ ಮೇಲೆ ಮಾರುವವನು ಆ ಬೆಲೆಯನ್ನು ಒಳಗಿನವರಿಗೆ ತಿಳಿಸಬೇಕು. ಅವರು ಅದೇ ಬೆಲೆಗೆ ಕೊಂಡರೆ ಸರಿ, ಬೇಡವೆಂದರೆ ಹೊರಗಿನವನಿಗೆ ಮಾರಬಹುದು.

ನಿಮ್ಮ ಗೆಳತಿಗೆ ಮದುವೆಯಾಗಿ ಊರು ಬಿಡುವ ಸಂದರ್ಭ ಬಂತು, ತನ್ನ 1 ಲಕ್ಷ ಷೇರನ್ನು ಹೊರಗಿನವನೊಬ್ಬನಿಗೆ ಷೇರಿಗೆ 260ರಂತೆ ಮಾರಲು ಹೊರಟರು ಎಂದಿಟ್ಟುಕೊಳ್ಳಿ. ಒಟ್ಟು 2.6 ಕೋಟಿ. ಆಕೆ ಎಲ್ಲರಿಗೂ ನೋಟಿಸ್ ಕೊಡಬೇಕು. ಕೊಳ್ಳುವವನು ಯಾರು, ಎಷ್ಟು ಷೇರು, ಎಷ್ಟು ಬೆಲೆ, ದುಡ್ಡು ಯಾವಾಗ ಹೇಗೆ ಬರುತ್ತದೆ ಎಂಬ ನಾಲ್ಕೂ ವಿಷಯ ಅದರಲ್ಲಿರಬೇಕು, ಕೊಳ್ಳುವವನು ಸಹಿ ಮಾಡಿದ ಪ್ರಸ್ತಾವದ ಪ್ರತಿಯೂ ಜೊತೆಗಿರಬೇಕು. ಆ ಪ್ರತಿ ಕಡ್ಡಾಯವೆಂದು ಬರೆಯದಿದ್ದರೆ, ಬೆಲೆ ಏರಿಸಲೆಂದೇ ಯಾರದೋ ಹೆಸರಿನಲ್ಲಿ ಹುಸಿ ಪ್ರಸ್ತಾವ ತರುವುದಕ್ಕೆ ದಾರಿ ಬಿಟ್ಟಂತೆ. ಬೆಲೆ ಪೂರ್ತಿ ನಗದಿನಲ್ಲಿ ಇರಬೇಕು ಎಂದೂ ಬರೆಸಿ. ಕೊಳ್ಳುವವನು ಅರ್ಧ ದುಡ್ಡು, ಅರ್ಧಕ್ಕೆ ಹರಿಹರದಲ್ಲಿ ಒಂದು ಸೈಟು ಕೊಡುತ್ತೇನೆ ಎಂದರೆ, ಉಳಿದವರು ಅದೇ ಸೈಟನ್ನು ಎಲ್ಲಿಂದ ತಂದು ಸರಿಗಟ್ಟುತ್ತಾರೆ?

ಈಗ ಆ 1 ಲಕ್ಷ ಷೇರನ್ನು ಉಳಿದ 9 ಲಕ್ಷ ಷೇರುಗಳ ಒಡೆಯರು ತಂತಮ್ಮ ಪಾಲಿನಂತೆ ಹಂಚಿಕೊಳ್ಳಬಹುದು. ನಿಮ್ಮ ಪಾಲಿಗೆ ಸುಮಾರು 38,900 ಷೇರು ಬರುತ್ತದೆ. ಬೆಲೆ ಒಂದು ಕೋಟಿಗಿಂತ ಸ್ವಲ್ಪ ಹೆಚ್ಚು. ಮೂವತ್ತು ದಿನದೊಳಗೆ ಅಷ್ಟು ಹಣ ನಿಮ್ಮ ಕೈಲಿ ಇರುತ್ತದೆಯೇ? ಇರುವುದಿಲ್ಲ, ನಿಮ್ಮ ದುಡ್ಡೆಲ್ಲ ಭಟ್ಟಿಯಲ್ಲಿ, ಪ್ಯಾಕಿಂಗ್ ಮಷಿನ್ನಿನಲ್ಲಿ, ಅಂಗಡಿಯವರ ಬಾಕಿಯಲ್ಲಿ ಇರುತ್ತದೆ. ನೀವು ಬಿಟ್ಟದ್ದನ್ನು ಉಳಿದವರು ತೆಗೆದುಕೊಳ್ಳಬಹುದು ಎಂಬ ಎರಡನೇ ಸುತ್ತೂ ಕರಡಿನಲ್ಲಿ ಇದ್ದೇ ಇರುತ್ತದೆ. ಆ ಸುತ್ತಿನಲ್ಲಿ ಫಂಡ್ ಒಂದೇ ಪೂರ್ತಿ 1 ಲಕ್ಷ ಷೇರು ಎತ್ತಿದರೆ ಅದರ ಪಾಲು 35% ಆಗಿ ನಿಮಗೆ ಸಮ ನಿಲ್ಲುತ್ತದೆ. ಕಾಗದದ ಮೇಲೆ ಎಲ್ಲರಿಗೂ ಸಮಾನವಾಗಿ ಕಾಣುವ ಹಕ್ಕು ನಡೆಯುವಾಗ ದುಡ್ಡಿದ್ದವನ ಹಕ್ಕಾಗುತ್ತದೆ. ಇಲ್ಲೊಂದು ಸೂಕ್ಷ್ಮವೂ ಇದೆ. ಕಂಪನಿಯ ನಿಯಮಾವಳಿ ತಿದ್ದುವಂಥ ದೊಡ್ಡ ತೀರ್ಮಾನಗಳಿಗೆ ವಿಶೇಷ ನಿರ್ಣಯ ಬೇಕು, ಅದು ಪಾಸಾಗಲು ಪರವಾದ ಮತ ವಿರೋಧ ಮತದ ಮೂರು ಪಟ್ಟು ಇರಬೇಕು. ಷೇರಿನ ಪ್ರಮಾಣದಲ್ಲೇ ಮತ ಇದ್ದರೆ, ಸರಿಯಾಗಿ 25% ಇರುವ ಫಂಡ್ ಒಂಟಿಯಾಗಿ ಅದನ್ನು ತಡೆಯಲಾರದು. 75 ಎಂಬುದು 25ರ ಮೂರು ಪಟ್ಟೇ ಅಲ್ಲವೇ. ಒಂದೇ ಒಂದು ಷೇರು ಹೆಚ್ಚಾದರೂ ತಡೆಯಬಲ್ಲದು.

ಹಾಗಾಗಿ ಕೇಳಬೇಕಾದ್ದು ಎರಡು. ಸ್ಥಾಪಕರೊಬ್ಬರು ಮಾರುವಾಗ ಮೊದಲ ಸರದಿ ಉಳಿದ ಸ್ಥಾಪಕರಿಗೆ, ಅವರು ಬಿಟ್ಟದ್ದಕ್ಕೆ ಮಾತ್ರ ಫಂಡ್. ಇದು ಒಂದು. ಎರಡನೆಯದು, ನಿಮ್ಮ ಪರವಾಗಿ ಕೊಳ್ಳಲು ಬೇರೊಬ್ಬರನ್ನು ಸೂಚಿಸುವ ಹಕ್ಕು. ನಿಮ್ಮ ಕೈಲಿ ಕೋಟಿ ಇಲ್ಲದಿದ್ದರೂ ನಿಮಗೆ ಬೇಕಾದ ಒಬ್ಬ ಅಡಿಕೆ ವ್ಯಾಪಾರಿಯ ಹತ್ತಿರ ಇರಬಹುದು. ದಿನವನ್ನು ಮೂವತ್ತರಿಂದ ನಲವತ್ತೈದಕ್ಕೆ ಏರಿಸಿದರೆ ಇದಕ್ಕೆ ಅವಕಾಶವಾಗುತ್ತದೆ. ಜೊತೆಗೆ, ಕೊಂಡರೆ ಪೂರ್ತಿ ಷೇರು ಕೊಳ್ಳಬೇಕು, ಇಲ್ಲವೇ ಒಂದೂ ಬೇಡ ಎಂದು ಬರೆಸಿ. ಒಳಗಿನವರು 60 ಸಾವಿರ ಎತ್ತಿ 40 ಸಾವಿರ ಬಿಟ್ಟರೆ, ಆ ಚೂರಿಗಾಗಿ ಹೊರಗಿನವನು ನಿಲ್ಲುವುದಿಲ್ಲ.

ಹೊರಗಿನವನ ಕಡೆಯಿಂದಲೂ ನೋಡಿ. ಅವನು ಲೆಕ್ಕಪತ್ರ ತಪಾಸಣೆಗೆ ಖರ್ಚು ಮಾಡಿ ಬೆಲೆ ಹೇಳುತ್ತಾನೆ, ಕೊನೆಗೆ ಒಳಗಿನವರು ಅದೇ ಬೆಲೆಗೆ ಎತ್ತಿಕೊಂಡು ಹೋಗುತ್ತಾರೆ. ರೋಫರ್ ಇದೆ ಎಂದು ಗೊತ್ತಾದ ಕೂಡಲೇ ಎಷ್ಟೋ ಜನ ಬೆಲೆಯನ್ನೇ ಹೇಳುವುದಿಲ್ಲ. ಇದಕ್ಕೆ ಪರಿಹಾರವಾಗಿ 'ರೋಫೋ', ಅಂದರೆ ರೈಟ್ ಆಫ್ ಫಸ್ಟ್ ಆಫರ್ ಇದೆ. ಅದರಲ್ಲಿ ಮಾರುವವನು ಹೊರಗೆ ಹೋಗುವ ಮುಂಚೆಯೇ ಒಳಗಿನವರನ್ನು "ನೀವು ಎಷ್ಟು ಕೊಡುತ್ತೀರಿ?" ಎಂದು ಕೇಳುತ್ತಾನೆ. ಅವರು ಹೇಳಿದ್ದಕ್ಕಿಂತ ಹೆಚ್ಚಿಗೆ ಹೊರಗೆ ಸಿಕ್ಕರೆ ನಿರ್ದಿಷ್ಟ ದಿನದೊಳಗೆ, ಸಾಮಾನ್ಯವಾಗಿ 90 ದಿನ, ಯಾರನ್ನೂ ಮತ್ತೆ ಕೇಳದೆ ಮಾರಬಹುದು. ಸ್ಥಾಪಕರ ಷೇರಿಗೆ ರೋಫೋ ಮೇಲು. ಫಂಡ್ ಒಪ್ಪುವುದು ಕಷ್ಟ, ಆದರೆ ಕೇಳಿ ನೋಡಬೇಕಾದ ಮಾತು. ಫಂಡಿನ ಷೇರಿನ ಮೇಲೆ ನಿಮಗೂ ಇಂಥದೊಂದು ಹಕ್ಕು ಬೇಕು. ಕರಡುಗಳಲ್ಲಿ ಸಾಮಾನ್ಯವಾಗಿ ನಿಮ್ಮ ಷೇರಿಗೆ ಮಾತ್ರ ಬೇಲಿ ಇರುತ್ತದೆ, ಅವರದು ಬಯಲು. ಏನೂ ಸಿಗದಿದ್ದರೂ ಪ್ರತಿಸ್ಪರ್ಧಿ ತಿಂಡಿ ಕಂಪನಿಗೆ ಫಂಡ್ ತನ್ನ ಪಾಲು ಮಾರುವಂತಿಲ್ಲ ಎಂಬ ಒಂದು ವಾಕ್ಯವಾದರೂ ಇರಲಿ.

ಟ್ಯಾಗ್ ಅಲಾಂಗ್ ಇದರ ಬೆನ್ನಿಗೇ ಬರುತ್ತದೆ. ನೀವು ಮಾರುತ್ತಿದ್ದೀರಿ, ಒಳಗಿನವನು ಕೊಳ್ಳುವುದಿಲ್ಲ, ಬದಲಿಗೆ "ನನ್ನದನ್ನೂ ಅದೇ ಬೆಲೆಗೆ ಮಾರಿಸು" ಅನ್ನುತ್ತಾನೆ. ನೀವು 2 ಲಕ್ಷ ಷೇರನ್ನು 260ರಂತೆ ಮಾರಲು ಹೊರಟಿದ್ದೀರಿ, ಕೊಳ್ಳುವವನಿಗೆ ಬೇಕಾದದ್ದೂ ಅಷ್ಟೇ. ಫಂಡ್ ಟ್ಯಾಗ್ ಹಿಡಿದರೆ ಆ 2 ಲಕ್ಷವನ್ನು ನಿಮ್ಮ 3.5 ಲಕ್ಷ, ಅವರ 2.5 ಲಕ್ಷದ ಅನುಪಾತದಲ್ಲಿ ಒಡೆಯಬೇಕು. ನಿಮ್ಮದು 1,16,667, ಅವರದು 83,333. ಮಗಳ ಓದಿಗೋ ಮನೆ ಕಟ್ಟಲಿಕ್ಕೋ 5.2 ಕೋಟಿ ಬರುತ್ತದೆ ಎಂದುಕೊಂಡವರಿಗೆ 3 ಕೋಟಿ ಚಿಲ್ಲರೆ ಬಂತು. ಅದಕ್ಕೇ ಸ್ಥಾಪಕರು ತಮ್ಮ ಸ್ವಂತ ಅಗತ್ಯಕ್ಕೆ ಒಂದಿಷ್ಟು ಷೇರನ್ನು, ಸಾಮಾನ್ಯವಾಗಿ ತಮ್ಮ ಪಾಲಿನ ಶೇಕಡಾ ಐದರಷ್ಟನ್ನು, ರೋಫರ್ ಟ್ಯಾಗ್ ಯಾವುದೂ ತಾಕದಂತೆ ಮಾರಬಹುದು ಎಂದು ಹೊರಗಿಡಿಸಿಕೊಳ್ಳುತ್ತಾರೆ. ಹೆಂಡತಿ, ಗಂಡ, ಮಕ್ಕಳು, ಕುಟುಂಬದ ಟ್ರಸ್ಟಿಗೆ ಕೊಡುವುದೂ ಹಾಗೆಯೇ ಹೊರಗಿರಲಿ.

ಟ್ಯಾಗಿನಲ್ಲಿ ಎರಡು ಕಡೆ ಕೆಡುತ್ತದೆ. ಕೊಳ್ಳುವವನು ಫಂಡಿನ ಷೇರು ಬೇಡ ಅಂದರೆ ಏನು ಎಂಬುದು ಮೊದಲನೆಯದು. ನೀವೂ ಮಾರುವಂತಿಲ್ಲ ಎಂದಿದ್ದರೆ ಅದು ನ್ಯಾಯ. ಆದರೆ ಕೆಲವು ಕರಡುಗಳಲ್ಲಿ "ಹಾಗಾದರೆ ಸ್ಥಾಪಕರೇ ಆ ಬೆಲೆಗೆ ಕೊಳ್ಳಬೇಕು" ಎಂದಿರುತ್ತದೆ. ಅದನ್ನು ಹೊಡೆದು ಹಾಕಿಸಿ. ಎರಡನೆಯದು, ಟ್ಯಾಗ್ ಫಂಡಿಗೆ ಮಾತ್ರ ಇರುವುದು. ನೀವೂ ನಿಮ್ಮ ಗೆಳೆಯನೂ ಸೇರಿ 60% ಮಾರಿ ಹೊರಟರೆ, 10% ಇರುವ ಗೆಳತಿ, 5% ಇರುವ ಮಾವ ಹೊಸ ಯಜಮಾನನ ಕೈಕೆಳಗೆ ಉಳಿಯುತ್ತಾರೆ. ಕಂಪನಿಯ ಹತೋಟಿ ಕೈ ಬದಲಾಗುವ ಮಾರಾಟದಲ್ಲಿ ಎಲ್ಲ ಷೇರುದಾರರಿಗೂ ತಮ್ಮ ಪೂರ್ತಿ ಪಾಲಿಗೆ ಟ್ಯಾಗ್ ಇರಬೇಕು. ಇವತ್ತು ನೀವು ದೊಡ್ಡ ಪಾಲುದಾರ, ಇನ್ನೆರಡು ಸುತ್ತು ಬಂಡವಾಳ ಬಂದ ಮೇಲೆ ಚಿಕ್ಕವರ ಸಾಲಿನಲ್ಲಿ ನೀವೇ ನಿಂತಿರಬಹುದು.

ಇನ್ನು ಡ್ರ್ಯಾಗ್. ಸಮಯವೆಲ್ಲ ಕೊಡಬೇಕಾದ್ದು ಇದಕ್ಕೇ. ಟ್ಯಾಗಿನಲ್ಲಿ ಹಿಂದಿನವನು ತಾನಾಗಿ ಬಂಡಿ ಹತ್ತುತ್ತಾನೆ, ಡ್ರ್ಯಾಗಿನಲ್ಲಿ ಮುಂದಿನವನು ಎಲ್ಲರನ್ನೂ ಹಗ್ಗ ಕಟ್ಟಿ ಎಳೆಯುತ್ತಾನೆ. ಫಂಡ್ ತನಗೆ ಸಿಕ್ಕ ಕೊಳ್ಳುವವನಿಗೆ ಇಡೀ ಕಂಪನಿ ಮಾರಲು ತೀರ್ಮಾನಿಸಿದರೆ, ನೀವೆಲ್ಲರೂ ಅದೇ ಬೆಲೆಗೆ ನಿಮ್ಮ ಷೇರು ಕೊಡಲೇಬೇಕು. 100% ಸಿಗದೆ ದೊಡ್ಡ ಕಂಪನಿಗಳು ಕೊಳ್ಳುವುದಿಲ್ಲ, 2% ಇರುವ ಒಬ್ಬ ಹಟ ಹಿಡಿದರೆ ವ್ಯವಹಾರ ನಿಲ್ಲುತ್ತದೆ. ಹಾಗಾಗಿ ಷರತ್ತು ಇರುವುದು ತಪ್ಪಲ್ಲ.

ತೊಡಕಿರುವುದು 'ಅದೇ ಬೆಲೆಗೆ' ಎಂಬ ಮಾತಿನಲ್ಲಿ. ನಿಮ್ಮ ಕರಡಿನ ಇನ್ನೆಲ್ಲೋ ಕುಳಿತಿರುವ ಲಿಕ್ವಿಡೇಶನ್ ಪ್ರಿಫರೆನ್ಸ್ ಆ ಮಾತನ್ನು ಸದ್ದಿಲ್ಲದೆ ಬದಲಾಯಿಸುತ್ತದೆ. ಲಿಕ್ವಿಡೇಶನ್ ಎಂದರೆ ಕಂಪನಿ ಮುಚ್ಚುವಾಗಿನ ಮಾತು, ನಮಗೇಕೆ ಎಂದು ಹೆಚ್ಚಿನವರು ಆ ಪುಟ ದಾಟಿಬಿಡುತ್ತಾರೆ. ವ್ಯಾಖ್ಯೆಗಳ ಪುಟಕ್ಕೆ ಹೋಗಿ 'ಲಿಕ್ವಿಡೇಶನ್ ಈವೆಂಟ್' ಎಂದರೆ ಏನೆಂದು ಓದಿ. ಕಂಪನಿಯ ಹತೋಟಿ ಕೈ ಬದಲಾಗುವ ಯಾವುದೇ ಮಾರಾಟವೂ ಅದರೊಳಗೆ ಸೇರಿರುತ್ತದೆ. ಅಂದರೆ ಡ್ರ್ಯಾಗ್ ಮಾರಾಟದ ದಿನ ಮೊದಲು ಫಂಡ್ ತನ್ನ 5 ಕೋಟಿ ಎತ್ತಿಕೊಳ್ಳುತ್ತದೆ, ಉಳಿದದ್ದು ನಿಮಗೆ. ಒಂದು ಪಟ್ಟು, ಭಾಗವಹಿಸದ ಪ್ರಿಫರೆನ್ಸ್ ಆಗಿದ್ದರೆ ಫಂಡಿಗೆ ಎರಡರಲ್ಲಿ ಒಂದನ್ನು ಆರಿಸುವ ಅವಕಾಶ. 5 ಕೋಟಿ ತೆಗೆದುಕೊಳ್ಳಬಹುದು, ಅಥವಾ ತನ್ನ ಪ್ರಿಫರೆನ್ಸ್ ಷೇರನ್ನು ಸಾಮಾನ್ಯ ಷೇರಾಗಿ ಬದಲಿಸಿಕೊಂಡು 25% ತೆಗೆದುಕೊಳ್ಳಬಹುದು. ಯಾವುದು ಹೆಚ್ಚೋ ಅದು.

ಕಂಪನಿ 8 ಕೋಟಿಗೆ ಮಾರಾಟವಾಯಿತು ಅನ್ನಿ. ಇಪ್ಪತ್ತೈದು ಪರ್ಸೆಂಟ್ ಎಂದರೆ 2 ಕೋಟಿ, ಹಾಗಾಗಿ ಫಂಡ್ 5 ಕೋಟಿಯನ್ನೇ ಆರಿಸುತ್ತದೆ. ಉಳಿದ 3 ಕೋಟಿ 7.5 ಲಕ್ಷ ಷೇರಿಗೆ ಹಂಚಿ ಷೇರಿಗೆ 40 ರೂಪಾಯಿ. ನಿಮಗೆ 1.4 ಕೋಟಿ, ಗೆಳೆಯನಿಗೆ 1 ಕೋಟಿ, ಗೆಳತಿಗೆ 40 ಲಕ್ಷ, ಮಾವನಿಗೆ 20 ಲಕ್ಷ. ಈಗ ಅದೇ ಕಂಪನಿ 18 ಕೋಟಿಗೆ ಮಾರಾಟವಾದರೆ? ಇಪ್ಪತ್ತೈದು ಪರ್ಸೆಂಟ್ ಎಂದರೆ 4.5 ಕೋಟಿ, ಫಂಡ್ ಮತ್ತೆ 5 ಕೋಟಿಯನ್ನೇ ಆರಿಸುತ್ತದೆ. ಉಳಿದ 13 ಕೋಟಿಯಲ್ಲಿ ನಿಮ್ಮ ಪಾಲು 6 ಕೋಟಿ ದಾಟುತ್ತದೆ.

ಎರಡೂ ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೋಡಿ. 8 ಕೋಟಿಗೆ ಮಾರಿದರೂ 18 ಕೋಟಿಗೆ ಮಾರಿದರೂ ಫಂಡಿಗೆ ಬರುವುದು ಅದೇ 5 ಕೋಟಿ. ನಡುವಿನ 10 ಕೋಟಿ ಪೂರ್ತಿ ನಿಮ್ಮ ನಾಲ್ವರದು. ಒಟ್ಟು ಬೆಲೆ 5 ಕೋಟಿಯಿಂದ 20 ಕೋಟಿಯವರೆಗೆ ಎಲ್ಲಿದ್ದರೂ, ಚೌಕಾಸಿ ಮಾಡಿ ಒಂದು ರೂಪಾಯಿ ಏರಿಸುವುದರಿಂದ ಫಂಡಿಗೆ ಲಾಭವಿಲ್ಲ, ಬೇಗ ಮುಗಿಸುವುದರಿಂದ ಇದೆ. ಇದರಲ್ಲಿ ಕೆಟ್ಟತನವೇನೂ ಇಲ್ಲ. ಫಂಡಿಗೂ ಅವಧಿ ಇರುತ್ತದೆ, ಅದು ಮುಗಿಯುವ ಹೊತ್ತಿಗೆ ತನ್ನಲ್ಲಿ ದುಡ್ಡು ಹಾಕಿದವರಿಗೆ ಅದು ಹಿಂತಿರುಗಿಸಬೇಕು. ಆದರೆ ಬೆಲೆ ಯಾರ ಕಿಸೆಯದೋ, ಮಾರುವ ತೀರ್ಮಾನ ಅವರ ಕೈಲಿಲ್ಲ. ಡ್ರ್ಯಾಗ್ ಷರತ್ತು ಸ್ಥಾಪಕರಿಗೆ ಹೊಡೆತ ಕೊಡುವುದು ಇಲ್ಲಿ.

ಕರಡಿನಲ್ಲಿ 'ಪಾರ್ಟಿಸಿಪೇಟಿಂಗ್' ಎಂಬ ಪದ ಇದೆಯೇ ನೋಡಿ. ಇದ್ದರೆ ಫಂಡ್ ಮೊದಲು 5 ಕೋಟಿ ತೆಗೆದುಕೊಂಡು, ಉಳಿದದ್ದರಲ್ಲೂ 25% ಕೇಳುತ್ತದೆ. 20 ಕೋಟಿಯ ಮಾರಾಟದಲ್ಲಿ ಅವರಿಗೆ 8.75 ಕೋಟಿ, ನಿಮಗೆ ಷೇರಿಗೆ 200ರ ಬದಲು 150. ಒಂದು ಪಟ್ಟಿನ ಬದಲು ಎರಡು ಪಟ್ಟು ಎಂದಿದ್ದರೆ 8 ಕೋಟಿಯ ಮಾರಾಟದಲ್ಲಿ ನಿಮ್ಮ ನಾಲ್ವರಿಗೂ ಸೊನ್ನೆ.

ಹೀಗಾಗಿ ಡ್ರ್ಯಾಗಿಗೆ ಒಂದು ಕನಿಷ್ಠ ಬೆಲೆ ಇರಲೇಬೇಕು. ಆ ಬೆಲೆಯನ್ನು ಹೇಳುವ ರೀತಿ ಮುಖ್ಯ. "ಫಂಡಿಗೆ ತನ್ನ ಹೂಡಿಕೆಯ ಒಂದೂವರೆ ಪಟ್ಟು ಬರುವಂತಿದ್ದರೆ ಮಾತ್ರ" ಎಂದು ಬರೆದರೆ, ಎರಡು ಪಟ್ಟಿನ ಪ್ರಿಫರೆನ್ಸ್ ಜೊತೆಗೂಡಿದಾಗ 7.5 ಕೋಟಿಯ ಮಾರಾಟಕ್ಕೇ ಆ ಷರತ್ತು ಈಡೇರಿಬಿಡುತ್ತದೆ, ನಿಮಗೆ ಏನೂ ಬರುವುದಿಲ್ಲ. ಅದರ ಬದಲು ಹೀಗೆ ಬರೆಸಿ: "ಪ್ರಿಫರೆನ್ಸ್ ಕಳೆದ ಮೇಲೆ ಪ್ರತಿ ಈಕ್ವಿಟಿ ಷೇರಿಗೆ ಕನಿಷ್ಠ 300 ರೂಪಾಯಿ ನಗದು ಸಿಗುವಂತಿದ್ದರೆ ಮಾತ್ರ ಡ್ರ್ಯಾಗ್ ನೋಟಿಸ್ ಕೊಡಬಹುದು." ನಿಮ್ಮ ಲೆಕ್ಕದಲ್ಲಿ ಅದು 30 ಕೋಟಿಯ ಮಾರಾಟ. ಆಗ ಎಲ್ಲರ ಷೇರಿಗೂ ನಿಜಕ್ಕೂ ಒಂದೇ ಬೆಲೆ, ನಿಮ್ಮ ಕೈಗೆ 10.5 ಕೋಟಿ. 300 ಎಂಬುದು ಚೌಕಾಸಿಯ ಸಂಖ್ಯೆ, ಇಳಿಯಬಹುದು. 200ಕ್ಕಿಂತ ಕೆಳಗೆ ಇಳಿಸಿದರೆ ಮಾತ್ರ ಮೇಲೆ ಹೇಳಿದ ಸುಳಿಗೆ ಮತ್ತೆ ಬಿದ್ದಂತೆ.

ಫಂಡ್ "ಕಂಪನಿ ಸೊರಗಿದರೆ ನಾವು ಎಷ್ಟು ವರ್ಷ ಕಾಯುವುದು?" ಎಂದು ಕೇಳುತ್ತದೆ, ಕೇಳುವುದರಲ್ಲಿ ಅರ್ಥವಿದೆ. ಅದಕ್ಕೆ ನಡುದಾರಿ ಹೀಗೆ. ಮೊದಲ ಐದು ವರ್ಷ ಡ್ರ್ಯಾಗ್ ಇಲ್ಲ. ಐದರಿಂದ ಏಳರವರೆಗೆ ಕನಿಷ್ಠ ಬೆಲೆಯೊಂದಿಗೆ ಇದೆ. ಏಳು ದಾಟಿದ ಮೇಲೆ ಕನಿಷ್ಠ ಬೆಲೆ ಬಿದ್ದುಹೋಗುತ್ತದೆ, ಆದರೆ ನೋಟಿಸ್ ಕೊಟ್ಟ ಮೇಲೆ 60 ದಿನ ಸ್ಥಾಪಕರಿಗೆ ಅವಕಾಶ. ಆ ಅವಧಿಯಲ್ಲಿ ನೀವೇ ಫಂಡಿನ ಪಾಲನ್ನು ಅದು ಆ ಮಾರಾಟದಲ್ಲಿ ಪಡೆಯುತ್ತಿದ್ದ ಮೊತ್ತಕ್ಕೆ ಕೊಳ್ಳಬಹುದು, ಅಥವಾ ಹೆಚ್ಚು ಬೆಲೆಯ ಇನ್ನೊಬ್ಬ ಗಿರಾಕಿಯನ್ನು ತರಬಹುದು. ಫಂಡಿಗೆ ತನ್ನ 5 ಕೋಟಿ ಬರುವುದಾದರೆ ಅದನ್ನು ಯಾರು ಕೊಟ್ಟರೇನು? ಈ ಅರವತ್ತು ದಿನದ ಸಾಲನ್ನು ಒಪ್ಪಿಸುವುದು ಕನಿಷ್ಠ ಬೆಲೆಯನ್ನು ಒಪ್ಪಿಸುವುದಕ್ಕಿಂತ ಸುಲಭ, ಪ್ರಯೋಜನವೂ ಕಡಿಮೆಯಿಲ್ಲ.

ಡ್ರ್ಯಾಗ್ ಯಾವಾಗ ಹುಟ್ಟುತ್ತದೆ ಎಂಬುದನ್ನು ಒಂದಲ್ಲ ಎರಡು ಸಲ ಓದಿ. ವರ್ಷದ ಲೆಕ್ಕವನ್ನು ಒಂದು ಕಡೆ ಚೆನ್ನಾಗಿ ಬರೆದು, ಇನ್ನೊಂದು ಕಡೆ "ಈವೆಂಟ್ ಆಫ್ ಡಿಫಾಲ್ಟ್ ಆದರೆ ಕೂಡಲೇ, ಯಾವ ಬೆಲೆಗಾದರೂ" ಎಂದು ಸೇರಿಸಿರುತ್ತಾರೆ. ಆ ಡಿಫಾಲ್ಟಿನ ಪಟ್ಟಿಯಲ್ಲಿ ವಂಚನೆಯ ಪಕ್ಕದಲ್ಲೇ ತಿಂಗಳ ವರದಿ ತಡವಾಗಿ ಕಳಿಸಿದ್ದೂ ಇರುತ್ತದೆ. ಜಿಎಸ್‌ಟಿ ರಿಟರ್ನಿನ ಗಡಿಬಿಡಿಯಲ್ಲಿ ವರದಿ ಹದಿನೈದು ದಿನ ತಡವಾದರೆ ಕಂಪನಿಯನ್ನೇ ಮಾರುವ ಹಕ್ಕು ಹುಟ್ಟಬಾರದು. ಆ ಪಟ್ಟಿಯಲ್ಲಿ ನ್ಯಾಯಾಲಯ ಅಥವಾ ಮಧ್ಯಸ್ಥಿಕೆದಾರ ಸಾಬೀತೆಂದ ವಂಚನೆ ಮಾತ್ರ ಉಳಿಯಲಿ. ಉಳಿದ ತಪ್ಪುಗಳಿಗೆ ಲಿಖಿತ ನೋಟಿಸ್, ಸರಿಪಡಿಸಲು 30 ದಿನ. ಕೊಳ್ಳುವವನು ಫಂಡಿನ ಸಂಬಂಧಿ ಸಂಸ್ಥೆ ಆಗಿರಬಾರದು ಎಂಬುದೂ ಇರಲಿ.

ಬೆಲೆ ಸರಿಯಿದ್ದರೂ ದುಡ್ಡು ಸೋರುವ ಇನ್ನೊಂದು ತೂತಿದೆ. ಕೊಳ್ಳುವವನು ತೆರಿಗೆ ಬಾಕಿ, ಕಾರ್ಮಿಕರ ಬಾಕಿ, ಎಫ್‌ಎಸ್‌ಎಸ್‌ಎಐ ದಂಡ ಮುಂದೆ ಎದ್ದು ಬಂದರೆ ಎಂದು ಬೆಲೆಯ ಒಂದು ಭಾಗವನ್ನು ಎಸ್ಕ್ರೋ ಖಾತೆಯಲ್ಲಿ, ಅಂದರೆ ಮೂರನೆಯವರ ಸುಪರ್ದಿನ ಖಾತೆಯಲ್ಲಿ, ತಡೆಹಿಡಿಯುತ್ತಾನೆ. 8 ಕೋಟಿಯಲ್ಲಿ 10% ಅಂದರೆ 80 ಲಕ್ಷ. ಫಂಡಿನ ಕರಡಿನಲ್ಲಿ "ಹೂಡಿಕೆದಾರರು ತಮ್ಮ ಷೇರಿನ ಒಡೆತನದ ಬಗ್ಗೆ ಮಾತ್ರ ಭರವಸೆ ಕೊಡುತ್ತಾರೆ" ಎಂದಿರುತ್ತದೆ. ಆಗ ಫಂಡಿನ 5 ಕೋಟಿ ಪೂರ್ತಿ ಕೈಸೇರುತ್ತದೆ, 80 ಲಕ್ಷವೂ ನಿಮ್ಮ 3 ಕೋಟಿಯಿಂದಲೇ ಕಟ್. ನಿಮ್ಮೊಬ್ಬರದೇ 37 ಲಕ್ಷ ತಡೆಯುತ್ತದೆ. ಪ್ರತಿಯೊಬ್ಬರೂ ತಾವು ಪಡೆಯುವ ಹಣದ ಅನುಪಾತದಲ್ಲಿ ಎಸ್ಕ್ರೋಗೆ ಬಿಡಬೇಕು ಎಂದು ಬರೆದರೆ ನಿಮ್ಮ ಪಾಲು 14 ಲಕ್ಷಕ್ಕೆ ಇಳಿಯುತ್ತದೆ. ಹೊಣೆಯೂ ಅಷ್ಟೇ, ಯಾರೂ ತಾವು ಪಡೆದದ್ದಕ್ಕಿಂತ ಹೆಚ್ಚು ಹಿಂತಿರುಗಿಸಬೇಕಿಲ್ಲ, ಒಬ್ಬರ ಹೊಣೆ ಇನ್ನೊಬ್ಬರ ಮೇಲೆ ಬರಬಾರದು.

ಡ್ರ್ಯಾಗ್ ಷರತ್ತಿನ ಕೊನೆಗೆ ಒಂದು ಅಧಿಕಾರಪತ್ರ ಇರುತ್ತದೆ. ನೀವು ಸಹಿ ಮಾಡಲು ಒಪ್ಪದಿದ್ದರೆ ನಿಮ್ಮ ಪರವಾಗಿ ಷೇರು ವರ್ಗಾವಣೆಯ ಎಸ್‌ಎಚ್-4 ಫಾರಂಗೆ, ಡಿಮ್ಯಾಟ್ ಆಗಿದ್ದರೆ ಡೆಲಿವರಿ ಸ್ಲಿಪ್ಪಿಗೆ ಫಂಡ್ ಸಹಿ ಮಾಡಬಹುದು ಎಂದು. ಕರಾರು ಕಾಯ್ದೆಯ 202ನೇ ಸೆಕ್ಷನ್ ಪ್ರಕಾರ, ಅಧಿಕಾರ ಪಡೆದವನಿಗೇ ಆ ಆಸ್ತಿಯಲ್ಲಿ ಹಿತಾಸಕ್ತಿ ಇದ್ದರೆ ಅಂಥ ಅಧಿಕಾರವನ್ನು ಮನಸ್ಸಿಗೆ ಬಂದಾಗ ಹಿಂತೆಗೆಯುವಂತಿಲ್ಲ. ಫಂಡಿನ ವಕೀಲರು ಇದನ್ನು ನೆಚ್ಚಿಕೊಂಡೇ ಬರೆದಿರುತ್ತಾರೆ. ಇದನ್ನು ತೆಗೆಸುವುದು ಕಷ್ಟ. ಬದಲಿಗೆ, ನಿಮ್ಮ ಪಾಲಿನ ಹಣ ನಿಮ್ಮ ಖಾತೆಗೆ ಅಥವಾ ಎಸ್ಕ್ರೋಗೆ ಜಮೆಯಾದ ಮೇಲೆ ಮಾತ್ರ ಈ ಅಧಿಕಾರ ಬಳಸಬಹುದು ಎಂದು ಸೇರಿಸಿ.

ಇಷ್ಟೆಲ್ಲ ಚೌಕಾಸಿ ಮಾಡಿ ಗೆದ್ದದ್ದನ್ನು ಕಳೆದುಕೊಳ್ಳುವ ಜಾಗ ಒಂದಿದೆ, ಅದು ಕಂಪನಿಯ ಆರ್ಟಿಕಲ್ಸ್, ಅಂದರೆ ಕಂಪನಿಯ ಆಂತರಿಕ ನಿಯಮಾವಳಿ. ಒಪ್ಪಂದದಲ್ಲಿ ಬರೆದದ್ದು ಆರ್ಟಿಕಲ್ಸಿನಲ್ಲಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸುಪ್ರೀಂ ಕೋರ್ಟಿನ ವಿ.ಬಿ. ರಂಗರಾಜ್ ವಿರುದ್ಧ ವಿ.ಬಿ. ಗೋಪಾಲಕೃಷ್ಣನ್ ಪ್ರಕರಣ ಇದೆ, ತೀರ್ಪು 1991ರದು. ಅದೊಂದು ಕುಟುಂಬದ ಪ್ರೈವೇಟ್ ಕಂಪನಿ. ಒಟ್ಟು 50 ಷೇರು, ಎರಡು ಕವಲಿಗೆ ಸಮ ಪಾಲು. ಯಾರಾದರೂ ಮಾರಿದರೆ ಮೊದಲು ತಮ್ಮ ಕವಲಿನವರನ್ನೇ ಕೇಳಬೇಕು ಎಂಬುದು ಅವರ ಮಾತಿನ ಒಪ್ಪಂದ, ಅಂದರೆ ರೋಫರೇ. ಒಂದು ಕವಲಿನವನು ಇನ್ನೊಂದು ಕವಲಿಗೆ ಮಾರಿಬಿಟ್ಟ. ಆರ್ಟಿಕಲ್ಸಿನಲ್ಲಿ ಇಲ್ಲದ ನಿರ್ಬಂಧ ಕಂಪನಿಯನ್ನೂ ಷೇರುದಾರರನ್ನೂ ಕಟ್ಟಿಹಾಕುವುದಿಲ್ಲ ಎಂದು ಕೋರ್ಟ್ ಹೇಳಿತು. 2013ರ ಕಂಪನಿ ಕಾಯ್ದೆಯ 58(2)ನೇ ಸೆಕ್ಷನ್ ಷೇರು ವರ್ಗಾವಣೆಯ ಒಪ್ಪಂದಗಳಿಗೆ ಮಾನ್ಯತೆ ಕೊಟ್ಟಿತಾದರೂ, ಆ ಮಾತು ಪಬ್ಲಿಕ್ ಕಂಪನಿಯ ಸಂದರ್ಭದಲ್ಲಿ ಬರುತ್ತದೆ. ನಿಮ್ಮದು ಪ್ರೈವೇಟ್. ಅದನ್ನು ನೆಚ್ಚಿ ಕೂರಬೇಡಿ.

ಆನ್‌ಲೈನಿನಲ್ಲಿ ಕಂಪನಿ ನೋಂದಾಯಿಸಿದವರ ಆರ್ಟಿಕಲ್ಸ್ ಹೆಚ್ಚಾಗಿ ಕಾಯ್ದೆಯ ಟೇಬಲ್ ಎಫ್‌ನ ನಕಲು. ವರ್ಗಾವಣೆಯನ್ನು ಬೋರ್ಡ್ ಕೆಲವು ಕಾರಣಕ್ಕೆ ನಿರಾಕರಿಸಬಹುದು ಎಂಬಷ್ಟೇ ಅದರಲ್ಲಿ ಇರುತ್ತದೆ. ರೋಫರ್, ಟ್ಯಾಗ್, ಡ್ರ್ಯಾಗ್ ಯಾವುದೂ ಇರುವುದಿಲ್ಲ. ನಿಮ್ಮದನ್ನು ತೆರೆದು ನೋಡಿ. ಬದಲಾಯಿಸಲು ಷೇರುದಾರರ ಅಸಾಧಾರಣ ಸಭೆ ಕರೆದು, 14ನೇ ಸೆಕ್ಷನ್ ಪ್ರಕಾರ ವಿಶೇಷ ನಿರ್ಣಯ ಮಾಡಿ, 30 ದಿನದೊಳಗೆ ಎಂಜಿಟಿ-14 ಫಾರಂ ಸಲ್ಲಿಸಬೇಕು. ಸಭೆಗೆ 21 ದಿನದ ನೋಟಿಸ್ ಬೇಕು, ಷೇರುದಾರರು ಒಪ್ಪಿದರೆ ಕಡಿಮೆ ದಿನಕ್ಕೂ ಕರೆಯಬಹುದು. ಷರತ್ತುಗಳನ್ನು ಪೂರ್ತಿಯಾಗಿ, ಪದಕ್ಕೆ ಪದ ಆರ್ಟಿಕಲ್ಸಿಗೆ ಇಳಿಸಿ. "ಷೇರುದಾರರ ಒಪ್ಪಂದದಂತೆ" ಎಂಬ ಒಂದು ಸಾಲು ಸೇರಿಸಿ ಬಿಟ್ಟರೆ ಅದರ ಮೇಲೆಯೇ ಜಗಳ ಶುರುವಾಗುತ್ತದೆ. ನೀವು ಹೋರಾಡಿ ಪಡೆದ ಕನಿಷ್ಠ ಬೆಲೆ, ಅರವತ್ತು ದಿನದ ಅವಕಾಶ ಆರ್ಟಿಕಲ್ಸಿನ ಕರಡಿನಲ್ಲೂ ಬಂದಿವೆಯೇ ಎಂದು ನೀವೇ ಕುಳಿತು ಹೋಲಿಸಿ. ಆ ಕರಡು ಸಾಮಾನ್ಯವಾಗಿ ಕೊನೇ ವಾರದಲ್ಲಿ, ಒಪ್ಪಂದದ ಹಳೆಯ ಆವೃತ್ತಿಯಿಂದ ತಯಾರಾಗಿರುತ್ತದೆ.

ನಿಮ್ಮ ಸೋದರಮಾವನನ್ನು ಮರೆಯಬೇಡಿ. 5% ಇರುವವರು ಒಪ್ಪಂದದಲ್ಲಿ ಪಕ್ಷಗಾರರೇ ಅಲ್ಲ ಎಂಬಂಥ ಕರಡುಗಳು ಬರುತ್ತವೆ. "ಮನೆಯವರೇ ತಾನೆ" ಎಂಬ ಸಲುಗೆ ಅದಕ್ಕೆ ಕಾರಣ. ಅಂಥ ಕರಡುಗಳಲ್ಲೇ "ಉಳಿದ ಷೇರುದಾರರೂ ಮಾರುವಂತೆ ಸ್ಥಾಪಕರು ನೋಡಿಕೊಳ್ಳಬೇಕು" ಎಂಬ ಸಾಲೂ ಇರುತ್ತದೆ. ಇಂಗ್ಲಿಷ್ ಕರಡಿನಲ್ಲಿ 'ಪ್ರೊಕ್ಯೂರ್' ಎಂಬ ಪದ ಹುಡುಕಿದರೆ ಸಿಗುತ್ತದೆ. ನಾಳೆ ಮಾವ ಒಪ್ಪದಿದ್ದರೆ, ಅಥವಾ ಅವರ ಕಾಲದ ನಂತರ ಷೇರು ಹಂಚಿಹೋದ ಮಕ್ಕಳಲ್ಲಿ ಒಬ್ಬರು ಒಪ್ಪದಿದ್ದರೆ, ಒಪ್ಪಂದ ಮುರಿದವರು ನೀವಾಗುತ್ತೀರಿ. ಮಾವ ಈಗಲೇ ಒಪ್ಪಂದಕ್ಕೆ ಸಹಿ ಮಾಡಲಿ, ಮುಂದೆ ಯಾರಿಗೆ ಷೇರು ಹೋದರೂ ಅವರು ಡೀಡ್ ಆಫ್ ಅಡ್ಹೆರೆನ್ಸ್‌ಗೆ, ಅಂದರೆ ಈ ಒಪ್ಪಂದಕ್ಕೆ ನಾನೂ ಬದ್ಧ ಎಂಬ ಪತ್ರಕ್ಕೆ, ಸಹಿ ಮಾಡಿದ ಮೇಲೆಯೇ ಹೆಸರು ದಾಖಲಾಗಲಿ. ಆ 'ಪ್ರೊಕ್ಯೂರ್' ಸಾಲು ತೆಗೆಸಿ. ಸಹಿಗೆ ಮುಂಚೆ ಮಾವನಿಗೂ ಮೇಲಿನ 8 ಕೋಟಿ, 18 ಕೋಟಿಯ ಲೆಕ್ಕ ತೋರಿಸಿ. ಅವರ 20 ಲಕ್ಷ ಎಲ್ಲಿಂದ ಬರುತ್ತದೆ, ಎಲ್ಲಿ ಸೊನ್ನೆಯಾಗುತ್ತದೆ ಎಂಬುದು ಅವರಿಗೂ ಗೊತ್ತಿರಬೇಕು.

ಇನ್ನೊಂದು ಚಿಕ್ಕ ವಿಷಯ. ರೋಫರಿನ ನಲವತ್ತೈದು, ಡ್ರ್ಯಾಗಿನ ಅರವತ್ತು ದಿನ ಎಣಿಸುವುದು ನೋಟಿಸ್ ತಲುಪಿದ ದಿನದಿಂದ. ಒಪ್ಪಂದದ ಕೊನೆಯ ಪುಟಗಳಲ್ಲಿ ನೋಟಿಸ್ ಕಳಿಸುವ ವಿಳಾಸ, ಇಮೇಲ್ ಇರುತ್ತದೆ. ಮಂಡಿಪೇಟೆಯ ಹಳೆಯ ಬಾಡಿಗೆ ಆಫೀಸಿನ ವಿಳಾಸವನ್ನೋ ಕೆಲಸ ಬಿಟ್ಟುಹೋದ ಅಕೌಂಟೆಂಟಿನ ಇಮೇಲನ್ನೋ ಅಲ್ಲಿ ಹಾಕಿದ್ದರೆ, ಅವಧಿ ಮುಗಿದ ಮೇಲೆ ನಿಮಗೆ ಗೊತ್ತಾಗುತ್ತದೆ. ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡೂ ಕಡ್ಡಾಯ, ನಿಮಗೊಂದು, ನಿಮ್ಮ ವಕೀಲರಿಗೊಂದು ಪ್ರತಿ ಎಂದು ಬರೆಸಿ.